ಇದೆಯಾ? ಲಾಸ್ಟ್ ಎಷ್ಟು?

ಹೋದ ವರ್ಷ ಬೆಂಗಳೂರಿನಲ್ಲಿ ಮನೆ ಬದಲಾಯಿಸುವಾಗ ಹಳೇ ಸೋಫಾ ಒಂದಕ್ಕೆ ಹುಡುಕಾಡ್ತಿದ್ದೆ. ಒಂದು ಜಾಹೀರಾತಿನ ಕೊನೆಯಲ್ಲಿ ಮಾರುವವರು ಪುಟ್ಟ ಪ್ರಶ್ನೋತ್ತರ ಬರೆದಿದ್ದರು. ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಅದರ ತಾತ್ಪರ್ಯ ಹೀಗೆ:

ಪ್ರಶ್ನೆ: ಇದೆಯಾ? ಉತ್ತರ: ಜಾಹೀರಾತು ಕಾಣ್ತಿದೆ ಅಂದ್ರೆ ಇದೆ.
ಪ್ರಶ್ನೆ: ಲಾಸ್ಟ್ ಪ್ರೈಸ್? ಉತ್ತರ: ಮೇಲೆ ಬರೆದಿದೆ. ಓದಿ.
ಪ್ರಶ್ನೆ: ಡೆಲಿವರಿ? ಉತ್ತರ: ಇಲ್ಲ. ಟೈಂಪಾಸ್ ಮಾಡೋರು ದಯವಿಟ್ಟು ದೂರ ಇರಿ.

ಓದಿ ನಗು ಬಂತು. ಪಾಪ, ಎಷ್ಟು ಜನ ತಲೆ ತಿಂದಿದ್ದಾರೋ ಅಂತ ಕನಿಕರವೂ ಬಂತು. ಆದರೆ ನನಗೆ ಬೇಕಾಗಿದ್ದದ್ದು ಎರಡೇ ವಿಷಯ. ಸೋಫಾದ ಉದ್ದ ಎಷ್ಟು, ಮತ್ತು ಅದು ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಹೋಗುತ್ತಾ. ಎರಡೂ ಅಲ್ಲಿರಲಿಲ್ಲ. ಹಾಗಾಗಿ ನಾನೂ ಮೆಸೇಜ್ ಹಾಕಿದೆ, ಅವರ ಲೆಕ್ಕದಲ್ಲಿ ನಾನೂ ಒಬ್ಬ ಟೈಂಪಾಸ್ ಗಿರಾಕಿಯಾದೆ.

ಈ ಥರದ ಪ್ರಶ್ನೋತ್ತರಗಳು ಈಗ ಎಲ್ಲಾ ಕಡೆ ಕಾಣ್ತವೆ. ಬಾಡಿಗೆ ಮನೆ, ಹಳೇ ಬೈಕು, ನಾಯಿಮರಿ, ಸೈಟು, ಎಲ್ಲದರ ಕೊನೆಗೂ ನಾಲ್ಕು ಸಾಲು. ಇವು ಹುಟ್ಟೋದು ಕೇಳಿದ್ದನ್ನೇ ಕೇಳುವವರಿಂದ ತಪ್ಪಿಸಿಕೊಳ್ಳೋಕೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಬಹುಪಾಲು ಪ್ರಶ್ನೋತ್ತರಗಳು ಗೇಟಿಗೆ ತೂಗುಹಾಕಿದ 'ನಾಯಿ ಇದೆ ಎಚ್ಚರಿಕೆ' ಬೋರ್ಡಿನ ಹಾಗಿವೆ. ಪ್ರಶ್ನೆಗಳು ಕೊಳ್ಳುವವರದ್ದು ಅನ್ನೋ ವೇಷದಲ್ಲಿರ್ತವೆ, ಒಳಗೆ ಮಾತಾಡ್ತಿರೋದು ಮಾರುವವನ ಸಿಟ್ಟು. ಇದನ್ನು ಇಷ್ಟು ಧೈರ್ಯವಾಗಿ ಹೇಳ್ತಿರೋದಕ್ಕೆ ಕಾರಣ ಇದೆ. ಇದಕ್ಕಿಂತ ಕೆಟ್ಟದ್ದೊಂದನ್ನು ನಾನೇ ಬರೆದಿದ್ದೀನಿ, ಅದೂ ನಮ್ಮಪ್ಪನ ಟ್ರ್ಯಾಕ್ಟರಿಗೆ.

ನಮ್ಮೂರು ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ. ಭದ್ರಾ ಕಾಲುವೆ ನೀರಿನ ಸೀಮೆ. ನಾನು ಹುಡುಗನಾಗಿದ್ದಾಗ ಎಲ್ಲಿ ನೋಡಿದರೂ ಭತ್ತ, ಈಗ ಎಲ್ಲಿ ನೋಡಿದರೂ ಅಡಿಕೆ. ಅಪ್ಪ ಇದ್ದಷ್ಟು ದಿನ ಎರಡು ಎಕರೆ ಗದ್ದೆಯನ್ನು ಹಟ ಹಿಡಿದು ಉಳಿಸಿಕೊಂಡಿದ್ದರು. ಅವರು ಹೋದಮೇಲೆ ಅಣ್ಣ ಅದಕ್ಕೂ ಸಸಿ ಇಟ್ಟ. ಅಡಿಕೆ ಸಾಲುಗಳ ನಡುವೆ ದೊಡ್ಡ ಟ್ರ್ಯಾಕ್ಟರಿಗೆ ತಿರುಗೋಕೆ ಜಾಗ ಇಲ್ಲ, ಕೆಲಸವೂ ಇಲ್ಲ. 2012ರ ಮಾಡೆಲ್, 39 ಎಚ್‌ಪಿ ಗಾಡಿ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. 'ನೀನು ಹೆಂಗೂ ಕಂಪ್ಯೂಟರ್ ಮುಂದೆ ಕೂತಿರ್ತೀಯ, ಆನ್‌ಲೈನಿಗೆ ಹಾಕಿಬಿಡು' ಅಂದ ಅಣ್ಣ. ನಾನು ಬೆಂಗಳೂರಿನಲ್ಲಿ ಕೂತು, ಅವನು ಕಳಿಸಿದ ಫೋಟೋಗಳನ್ನು ಸೇರಿಸಿ, ಎರಡು ಲಕ್ಷದ ಅರವತ್ತು ಸಾವಿರ ಅಂತ ಹಾಕಿದೆ.

ಒಂಬತ್ತು ದಿನದಲ್ಲಿ 57 ಮೆಸೇಜು. ಫೋನ್ ಕರೆಗಳ ಲೆಕ್ಕ ಬೇರೆ. ವೃತ್ತಿಯ ಚಾಳಿ ನೋಡಿ, ಎಲ್ಲವನ್ನೂ ಒಂದು ಶೀಟಿಗೆ ಹಾಕಿ ವಿಂಗಡಿಸಿದೆ. 'ಇದೆಯಾ' ಅನ್ನೋದು 17. 'ಲಾಸ್ಟ್ ಎಷ್ಟು' 11. 'ಎಲ್ಲಿ' ಅನ್ನೋದು 9. 'ಟ್ರೈಲರ್ ಸೇರಿನಾ' 8. ಲೋನಿನ ಬಗ್ಗೆ 5. ಉಳಿದ ಏಳು ಒಂದೊಂದು ಥರ. ಇದನ್ನು ನೋಡಿ ನನಗೆ ಅನಿಸಿದ್ದು, ಐದು ಉತ್ತರ ಬರೆದರೆ ಐವತ್ತು ಮೆಸೇಜ್ ಉಳಿತು ಅಂತ. ಆಫೀಸಿನಲ್ಲಿ ಊಟ ಮುಗಿಸಿ ಹತ್ತು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಬರೆದು ಜಾಹೀರಾತಿನ ಕೆಳಗೆ ಅಂಟಿಸಿದೆ. ಗಾಡಿ ಕಂಡೀಷನ್ ಹೇಗಿದೆ? ಗುಡ್, ಸಿಂಗಲ್ ಓನರ್. ಹೈಡ್ರಾಲಿಕ್? ವರ್ಕಿಂಗ್. ಡಾಕ್ಯುಮೆಂಟ್ಸ್? ಆಲ್ ಕ್ಲಿಯರ್. ಹೈಪಾಥಿಕೇಷನ್? ನೋ. ಬೆಲೆ? ಫಿಕ್ಸೆಡ್.

ನೋಡೋಕೆ ನೀಟಾಗಿತ್ತು. ಮುಂದಿನ ವಾರ ಮೆಸೇಜುಗಳ ಸಂಖ್ಯೆ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಮೊದಲನೇ ತಪ್ಪು ಭಾಷೆಯದ್ದು. ನನ್ನ ಪ್ರಶ್ನೆಗಳು ಯಾರೂ ಕೇಳದ ಪ್ರಶ್ನೆಗಳಾಗಿದ್ದವು. ನಮ್ಮ ಕಡೆ ಟ್ರ್ಯಾಕ್ಟರ್ ಕೊಳ್ಳೋನು 'ಹೈಪಾಥಿಕೇಷನ್ ಇದೆಯಾ' ಅಂತ ಕೇಳಲ್ಲ. 'ಲೋನ್ ಐತಾ' ಅಂತಾನೆ, ಇಲ್ಲವೇ 'ಎಚ್‌ಪಿ ಐತಾ' ಅಂತಾನೆ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿರೋದಕ್ಕೆ ಎಲ್ಲರೂ ಎಚ್‌ಪಿ ಅಂತಲೇ ಕರೆಯೋದು. ಒಬ್ಬರು 'HP?' ಅಂತ ಎರಡೇ ಅಕ್ಷರ ಕಳಿಸಿದ್ದರು. ನಾನು ಎಂಜಿನ್ ತಾಕತ್ತು ಕೇಳ್ತಿದಾರೆ ಅಂದುಕೊಂಡು '39' ಅಂತ ಉತ್ತರಿಸಿದೆ. ಆ ಕಡೆಯಿಂದ 'ಏನ್ ಸರ್, ಮೂವತ್ತೊಂಬತ್ತು ಸಾವಿರ ಬಾಕಿನಾ?' ಅಂತ ಬಂತು. ಅಣ್ಣ ಇದನ್ನು ಈಗಲೂ ಮದುವೆ ಮನೆಗಳಲ್ಲಿ ಹೇಳಿಕೊಂಡು ನಗ್ತಾನೆ. ಪ್ರಶ್ನೆಯನ್ನು ಕೇಳುವವರ ಬಾಯಲ್ಲಿ ಬಂದ ಹಾಗೇ ಬರೀಬೇಕು. ಕಣ್ಣು ಹಾಯಿಸ್ತಾ ಹೋಗುವವನಿಗೆ ತನ್ನ ಪ್ರಶ್ನೆ ತನ್ನ ಮಾತಿನಲ್ಲೇ ಕಂಡರೆ ಮಾತ್ರ ಅಲ್ಲಿ ನಿಲ್ತಾನೆ.

ಎರಡನೇದು, ಅರ್ಧದಷ್ಟು ಪ್ರಶ್ನೆಗಳಿಗೆ ಪ್ರಶ್ನೋತ್ತರವೇ ಬೇಕಾಗಿರಲಿಲ್ಲ. 'ಟ್ರೈಲರ್ ಸೇರಿನಾ' ಅಂತ ಎಂಟು ಜನ ಯಾಕೆ ಕೇಳಿದರು? ಮೊದಲನೇ ಫೋಟೋದಲ್ಲಿ ಟ್ರ್ಯಾಕ್ಟರಿನ ಹಿಂದೆ ಟ್ರೈಲರ್ ಕಾಣ್ತಿತ್ತು, ಅದಕ್ಕೆ. ನಾನು ಕೆಳಗಡೆ 'ಟ್ರೈಲರ್ ಇಲ್ಲ' ಅಂತ ಬರೆಯೋ ಬದಲು ಫೋಟೋ ಬದಲಾಯಿಸಬೇಕಿತ್ತು. 'ಎಲ್ಲಿ' ಅಂತ ಒಂಬತ್ತು ಜನ ಕೇಳಿದ್ದಕ್ಕೆ ಕಾರಣ, ಆ್ಯಪು ತಾನಾಗೇ 'ದಾವಣಗೆರೆ' ಅಂತ ತೋರಿಸ್ತಿತ್ತು. ಶೀರ್ಷಿಕೆಯಲ್ಲೇ 'ತ್ಯಾವಣಿಗೆ' ಅಂತ ಹಾಕಿದ್ದರೆ ಮುಗೀತಿತ್ತು. ಟಯರ್ ಹೇಗಿದೆ ಅನ್ನೋ ಪ್ರಶ್ನೆಗೂ 'ಶೇಕಡ 60' ಅನ್ನೋ ಉತ್ತರಕ್ಕಿಂತ ಹಿಂದಿನ ಟಯರಿನ ಗುಬ್ಬಿಗಳು ಎಷ್ಟು ಎತ್ತರ ಉಳಿದಿವೆ ಅಂತ ಹತ್ತಿರದಿಂದ ತೆಗೆದ ಫೋಟೋ ಮೇಲು. ನಮ್ಮ ಕೆಲಸದಲ್ಲಿ ಅರ್ಥವಾಗದ ಕೋಡ್ ಬರೆದು ಪಕ್ಕದಲ್ಲಿ ಉದ್ದ ಕಾಮೆಂಟ್ ಹಾಕುವವರಿದ್ದಾರೆ. ನಾನು ಜಾಹೀರಾತಿನಲ್ಲೂ ಅದೇ ಮಾಡಿದ್ದೆ. ಮೇಲಿನದ್ದನ್ನು ಸರಿ ಮಾಡಿ, ಆಮೇಲೂ ಉಳಿಯೋ ಪ್ರಶ್ನೆಗಳಿಗೆ ಮಾತ್ರ ಕೆಳಗೆ ಜಾಗ.

ಇವೆರಡೂ ಸಣ್ಣ ತಪ್ಪುಗಳು. ಮೂರನೇದು ಸಣ್ಣದಲ್ಲ.

ಒಂದು ಭಾನುವಾರ ಜಗಳೂರು ಕಡೆಯಿಂದ ಒಬ್ಬರು ಬಂದರು. ಜೊತೆಗೆ ಮೆಕ್ಯಾನಿಕ್ ಒಬ್ಬನನ್ನು ದಿನದ ಕೂಲಿ ಕೊಟ್ಟು ಕರೆತಂದಿದ್ದರು. ಜಗಳೂರು ಜಿಲ್ಲೆಯ ಆ ತುದಿ, ನಮ್ಮೂರು ಈ ತುದಿ. ಅವರು ನನ್ನ ಪ್ರಶ್ನೋತ್ತರವನ್ನು ಓದಿಕೊಂಡೇ ಬಂದಿದ್ದರು, ಮಗನ ಹತ್ತಿರ ಓದಿಸಿದ್ದರಂತೆ. ಮೆಕ್ಯಾನಿಕ್ ಹೆಚ್ಚು ಮಾತಾಡಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ, ಹಿಂದೆ ಸಿಕ್ಕಿಸಿದ್ದ ರೋಟವೇಟರನ್ನು ಪೂರ್ತಿ ಮೇಲೆತ್ತಿ, ಎಂಜಿನ್ ಆಫ್ ಮಾಡಿ, ಬೀಡಿ ಹಚ್ಚಿಕೊಂಡು ನಿಂತ. ಬೀಡಿ ಮುಗಿಯೋ ಮುಂಚೆ ರೋಟವೇಟರ್ ನೆಲಕ್ಕೆ ಬಂದು ಕೂತಿತ್ತು.

ಟ್ರ್ಯಾಕ್ಟರ್ ಗೊತ್ತಿಲ್ಲದವರಿಗೆ ಒಂದು ಮಾತು. ಹಿಂದಿನ ಲಿಫ್ಟ್ ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡೋದು. ಒಳಗಿನ ಸಿಲಿಂಡರಿನ ಸೀಲ್ ಸವೆದಿದ್ದರೆ ಅಥವಾ ವಾಲ್ವ್ ಸೋರ್ತಿದ್ದರೆ, ಎಂಜಿನ್ ನಿಂತ ಮೇಲೆ ಎತ್ತಿದ ಭಾರ ಮೆಲ್ಲಗೆ ಇಳಿಯುತ್ತೆ. ಎಂಜಿನ್ ಓಡ್ತಿರುವಾಗ ಪಂಪು ಒಂದೇ ಸಮ ಎಣ್ಣೆ ಕೊಡ್ತಿರುತ್ತೆ, ಅದಕ್ಕೇ ಗೊತ್ತೇ ಆಗಲ್ಲ. 'ವರ್ಕಿಂಗ್' ಅಂತ ನಾನು ಬರೆದದ್ದು ಸುಳ್ಳಲ್ಲ ಅಂತ ವಾದ ಮಾಡಬಹುದು, ಲಿಫ್ಟ್ ಎತ್ತುತ್ತಿತ್ತು. ಆದರೆ ಅದು ಇಳೀತದೆ ಅಂತ ಅಣ್ಣನಿಗೆ ಗೊತ್ತಿತ್ತು. ನಾನು ಕೇಳಿರಲಿಲ್ಲ. ಕೇಳದೆಯೇ ಬರೆದಿದ್ದೆ.

ಬಂದವರು ಜಗಳ ಆಡಲಿಲ್ಲ. 'ಮೊದಲೇ ಹೇಳಿದ್ರೆ ರಿಪೇರಿ ಖರ್ಚು ಕಳೆದು ವ್ಯಾಪಾರ ಮಾಡಬೋದಿತ್ತಲ್ಲ ಗೌಡ್ರೆ, ಈಗ ಒಳಗೆ ಇನ್ನೇನೇನೈತೋ ಅಂತ ಮನಸ್ಸಿಗೆ ಬರ್ತೈತೆ' ಅಂದರಂತೆ. ಅಣ್ಣ ಡೀಸೆಲ್ ಖರ್ಚಿಗೆ ಅಂತ ದುಡ್ಡು ಕೊಡೋಕೆ ಹೋದರೆ ತಗೊಳ್ಳಲಿಲ್ಲ. ಅಮ್ಮ ಮಾಡಿಕೊಟ್ಟ ಟೀ ಕುಡಿದು ಹೋದರು. ರಾತ್ರಿ ಅಣ್ಣ ಫೋನ್ ಮಾಡಿ, 'ನೀನು ಬರೆದು ಅಲ್ಲೇ ಕೂತಿರ್ತೀಯ. ಬಂದೋರ ಮುಂದೆ ನಿಲ್ಲೋನು ನಾನು. ನಮ್ಮಪ್ಪನ ಗಾಡಿ ಅಂತ ಹೇಳಿ ಮಾರ್ತಿರೋದು, ನೆನಪಿಟ್ಕೋ' ಅಂದ. ಅಷ್ಟೇ ಅಂದು ಇಟ್ಟುಬಿಟ್ಟ.

ಪ್ರಶ್ನೋತ್ತರ ಅನ್ನೋದು ಜಾಹೀರಾತಿನ ಉಳಿದ ಭಾಗದ ಹಾಗಲ್ಲ ಅಂತ ನನಗೆ ಹೊಳೆದದ್ದು ಆವತ್ತು. ಮೇಲಿನ ಭಾಗದಲ್ಲಿ 'ಸೂಪರ್ ಕಂಡೀಷನ್' ಅಂದರೆ ಜನ ಅರ್ಧ ಕಳೆದೇ ಓದ್ತಾರೆ, ಮಾರೋನು ಹೊಗಳಿಕೊಳ್ಳೋದು ಸಹಜ ಅಂತ ಎಲ್ಲರಿಗೂ ಗೊತ್ತು. ಆದರೆ 'ಲಿಫ್ಟ್ ಹೆಂಗೈತೆ?' ಅಂತ ಪ್ರಶ್ನೆ ಹಾಕಿ ಅದರ ಕೆಳಗೆ ಉತ್ತರ ಬರೆದರೆ, ಅದು ಎದುರಿಗೆ ನಿಂತು ಕೇಳಿದವನಿಗೆ ಕೊಟ್ಟ ಮಾತಿನ ಹಾಗೆ. ಅದನ್ನು ನಂಬಿ ಒಬ್ಬ ಮನುಷ್ಯ ಒಂದು ದಿನದ ಕೆಲಸ ಬಿಟ್ಟು, ಇನ್ನೊಬ್ಬನಿಗೆ ಕೂಲಿ ಕೊಟ್ಟು ಬರ್ತಾನೆ. ಮೆಸೇಜ್ ಉಳಿಸೋದು ಇದರ ಉದ್ದೇಶ ಅಂದುಕೊಂಡಿದ್ದೆ. ಉಳಿಸಬೇಕಾಗಿದ್ದದ್ದು ಪ್ರಯಾಣವನ್ನ.

ಎರಡನೇ ಸಲ ಬರೆಯುವಾಗ ಊರಿಗೆ ಹೋದೆ. ಅಣ್ಣನನ್ನು ಗಾಡಿ ಪಕ್ಕ ನಿಲ್ಲಿಸಿ, ಗಿರಾಕಿ ಕೇಳಿದ ಹಾಗೆ ಕೇಳ್ತಾ ಹೋದೆ. ಅವನು ಹೇಳಿದ್ದನ್ನೇ ಬರೆದುಕೊಂಡೆ. ಕಾಗದದ ವಿಷಯಕ್ಕೆ ಬಂದಾಗ ನನ್ನ 'ಆಲ್ ಕ್ಲಿಯರ್' ಎಂಥ ಮಾತು ಅಂತಲೂ ಗೊತ್ತಾಯ್ತು. ಸಾಲ ತೀರಿತ್ತು, ಅದು ನಿಜ. ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಸಾಲ ತೀರಿದ ಮಾತ್ರಕ್ಕೆ ಆ ಹೆಸರು ತಾನಾಗೇ ಹೋಗಲ್ಲ, ಬ್ಯಾಂಕಿನಿಂದ ಎನ್‌ಒಸಿ ತಂದು ಫಾರಂ 35 ಕೊಟ್ಟು ತೆಗೆಸಬೇಕು. ಇನ್ನೊಂದು, ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಮಾಲೀಕರು ತೀರಿಕೊಂಡಿದ್ದರೆ ಮೊದಲು ಮರಣ ಪ್ರಮಾಣಪತ್ರದ ಜೊತೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ಕೊಳ್ಳುವವನ ಹೆಸರಿಗೆ ವರ್ಗ ಮಾಡೋ ಫಾರಂ 29 ಮತ್ತು 30ಕ್ಕೆ ಸಹಿ ಹಾಕೋಕೆ ಬದುಕಿರೋ ಮಾಲೀಕ ಬೇಕಲ್ಲ. ಎಷ್ಟೋ ಹಳ್ಳಿಗಳಲ್ಲಿ ಇದನ್ನು ಮಾಡಿಸದೆಯೇ ಗಾಡಿ ಕೈ ಬದಲಾಗಿರುತ್ತೆ. ಒಂದು ಆಕ್ಸಿಡೆಂಟ್ ಆದರೆ ನೋಟಿಸು ಬರೋದು ದಾಖಲೆಯಲ್ಲಿರೋ ಹೆಸರಿಗೆ. ಅಪ್ಪನ ಹೆಸರಿಗೆ ಇನ್ನು ಮೇಲೆ ನೋಟಿಸು ಬರೋದು ನಮಗಿಬ್ಬರಿಗೂ ಬೇಡವಾಗಿತ್ತು. ಅದೇ ವಾರ ಅಣ್ಣ ದಾವಣಗೆರೆಯ ಆರ್‌ಟಿಒ ಆಫೀಸಿಗೆ ಹೋಗಿ ಎರಡಕ್ಕೂ ಅರ್ಜಿ ಹಾಕಿ ಬಂದ.

ಕೊನೆಗೆ ಜಾಹೀರಾತಿನ ಕೆಳಗೆ ಹಾಕಿದ್ದು ಇದು. ಪೂರ್ತಿ ಕೊಡ್ತೀನಿ, ಯಾಕಂದ್ರೆ ಮುಂದೆ ಇದನ್ನೂ ಟೀಕಿಸೋದಿದೆ:

ಲೋನ್ ಐತಾ?
ಸಾಲ ತೀರಿದೆ, ಬ್ಯಾಂಕಿನ ಎನ್‌ಒಸಿ ಕೈಯಲ್ಲಿದೆ. ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸೋಕೆ ಅರ್ಜಿ ಹಾಕಿದೀವಿ.

ಆರ್‌ಸಿ ಯಾರ ಹೆಸರಲ್ಲೈತೆ?
ನಮ್ಮ ತಂದೆ ಹೆಸರಲ್ಲಿ. ಅವರು ತೀರಿಕೊಂಡಿದ್ದಾರೆ. ನಮ್ಮಣ್ಣನ ಹೆಸರಿಗೆ ಆಗ್ತಿದೆ. ಅದು ಆದಮೇಲೇ ಗಾಡಿ ಕೊಡೋದು.

ಕೆಸರು ಗದ್ದೆಗೆ ಹೊಡೆದಿದೀರಾ?
ಹೊಡೆದಿದೀವಿ. ಹತ್ತು ವರ್ಷ ಕೇಜ್ ವೀಲ್ ಹಾಕಿ ನಮ್ಮ ಗದ್ದೆಗೆ ಮಾತ್ರ. ಮುಂದಿನ ಗಾಲಿಗಳ ಬೇರಿಂಗ್, ಸೀಲ್ ಹೋದ ವರ್ಷ ಬದಲಾಯಿಸಿದೆ.

ಲಿಫ್ಟ್ ಹೆಂಗೈತೆ?
ಎತ್ತುತ್ತೆ. ಎಂಜಿನ್ ಆಫ್ ಮಾಡಿದರೆ ರೋಟವೇಟರ್ ಕೆಲವೇ ನಿಮಿಷದಲ್ಲಿ ಇಳಿಯುತ್ತೆ. ರಿಪೇರಿ ಮಾಡಿಸಿಲ್ಲ. ಬೆಲೆ ಮಾತಾಡುವಾಗ ಇದನ್ನು ಲೆಕ್ಕಕ್ಕೆ ಹಿಡೀರಿ.

ಎಷ್ಟು ಗಂಟೆ ಓಡಿದೆ?
ಮೀಟರ್ ಕೇಬಲ್ ತುಂಡಾಗಿ ಬಹಳ ದಿನ ಆಗಿದೆ. ಮೀಟರಿನಲ್ಲಿರೋ ಅಂಕಿ ನಂಬಬೇಡಿ.

ಬೆಳಿಗ್ಗೆ ಬಂದರೆ ಕೋಲ್ಡ್ ಸ್ಟಾರ್ಟ್ ನೋಡಬಹುದಾ?
ನೋಡಬಹುದು. ಹಿಂದಿನ ದಿನ ಫೋನ್ ಮಾಡಿ. ನೀವು ಬರೋ ತನಕ ಸ್ಟಾರ್ಟ್ ಮಾಡಲ್ಲ.

ಲಾಸ್ಟ್ ಎಷ್ಟು?
ಗಾಡಿ ನೋಡಿದ ಮೇಲೆ ಕೂತು ಮಾತಾಡೋಣ. ಫೋನಿನಲ್ಲಿ ಹೇಳಲ್ಲ.

ಕೆಸರು ಗದ್ದೆಯ ಪ್ರಶ್ನೆ ಮೊದಲನೇ ಶೀಟಿನ ಆ 'ಉಳಿದ ಏಳರಲ್ಲಿ' ಒಂದಾಗಿತ್ತು. ಒಬ್ಬರೇ ಕೇಳಿದ್ದು. ಸಂಖ್ಯೆ ನೋಡಿ ನಾನು ಅದನ್ನು ಬಿಟ್ಟುಬಿಟ್ಟಿದ್ದೆ. ಆದರೆ ಇಡೀ ಪಟ್ಟಿಯಲ್ಲಿ ನಿಜವಾಗಿ ಗಾಡಿ ಕೊಳ್ಳೋ ಮನಸ್ಸಿದ್ದವನು ಕೇಳುವ ಪ್ರಶ್ನೆ ಅದು. ಕೆಸರಿನಲ್ಲಿ ವರ್ಷವರ್ಷ ಓಡಿದ ಗಾಡಿಯ ಆಕ್ಸಲ್ಲಿಗೆ, ಹಬ್ಬಿಗೆ ನೀರು ನುಗ್ಗಿರುತ್ತೆ, ಸೀಲುಗಳು ಹೋಗಿರ್ತವೆ. ಜಗಳೂರು ಕಡೆ ಒಣ ಭೂಮಿಯಲ್ಲಿ ಮೆಕ್ಕೆಜೋಳ ಬೆಳೆಯೋರು ನಮ್ಮ ಕಾಲುವೆ ಸೀಮೆಯ ಗಾಡಿ ಅಂದರೆ ಒಂದು ಹೆಜ್ಜೆ ಹಿಂದೆ ಇಡೋದು ಇದಕ್ಕೇ. ಹೆಚ್ಚು ಸಲ ಬಂದ ಪ್ರಶ್ನೆಯೇ ಮುಖ್ಯ ಪ್ರಶ್ನೆ ಅಂತ ಎಣಿಸೋದು ನಮ್ಮಂಥವರ ರೋಗ. 'ಇದೆಯಾ' ಅಂತ ಹದಿನೇಳು ಜನ ಕೇಳಿದ್ದರಲ್ಲಿ ಒಬ್ಬರೂ ಊರಿಗೆ ಬರಲಿಲ್ಲ.

ಆ 'ಇದೆಯಾ' ಬಗ್ಗೆ ಸ್ವಲ್ಪ ಹೇಳಬೇಕು. ಇದನ್ನು ಬೈಯೋದು ನಮಗೆಲ್ಲ ಒಂದು ಹವ್ಯಾಸ. ಆದರೆ ಕೆಲವು ಕಡೆ ಅದು ಜನ ಟೈಪ್ ಮಾಡಿದ್ದೇ ಅಲ್ಲ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿ ಆ ವಾಕ್ಯ ಮೊದಲೇ ಬರೆದು ರೆಡಿ ಇರುತ್ತೆ, ಒಂದು ಸಲ ಒತ್ತಿದರೆ ಹೋಯ್ತು. ಗುಂಡಿಯ ಜೊತೆ ಜಗಳ ಆಡಿ ಏನು ಪ್ರಯೋಜನ? ಇನ್ನು ಟೈಪ್ ಮಾಡಿಯೇ ಕೇಳುವವರಿಗೂ ಅದು ಪ್ರಶ್ನೆಯಲ್ಲ. ಮನೆ ಬಾಗಿಲಲ್ಲಿ ನಿಂತು 'ಗೌಡ್ರು ಅದಾರಾ?' ಅಂತ ಕೂಗಿದ ಹಾಗೆ. ಆ ಕಡೆ ಮನುಷ್ಯ ಇದಾನಾ, ಉತ್ತರ ಕೊಡ್ತಾನಾ ಅಂತ ನೋಡೋದು. 'ಜಾಹೀರಾತು ಕಾಣ್ತಿದ್ದರೆ ಇದೆ' ಅನ್ನೋ ಸೋಫಾ ಮಹಾಶಯರ ಉತ್ತರ ಇದಕ್ಕೆ ನಾಟೋದೇ ಇಲ್ಲ. ಅಲ್ಲದೆ ಅದು ಎಷ್ಟೋ ಸಲ ಸುಳ್ಳು. ಮಾರಿ ತಿಂಗಳಾದರೂ ಜಾಹೀರಾತು ತೆಗೆಯದವರು ನಮ್ಮಲ್ಲಿ ಎಷ್ಟು ಜನ ಇಲ್ಲ?

ಇದಕ್ಕೆ ನಾನು ಮಾಡಿದ ಉಪಾಯ, ಆ ಏಳು ಪ್ರಶ್ನೋತ್ತರವನ್ನೇ ಉತ್ತರವಾಗಿ ಕಳಿಸೋದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ. ಒಮ್ಮೆ ಬರೆದಿಟ್ಟರೆ, ಆಮೇಲೆ `/` ಒತ್ತಿ ಹೆಸರು ಆರಿಸಿದರೆ ಪೂರ್ತಿ ಬರುತ್ತೆ. ಅಣ್ಣನ ಫೋನಿಗೆ ಅದನ್ನು ಹಾಕಿಕೊಟ್ಟೆ. 'ಐತ್ರಿ, ಕೆಳಗಿಂದು ಓದಿ, ಆಮೇಲೆ ಫೋನ್ ಮಾಡ್ರಿ' ಅಂತ ಒಂದು ಸಾಲು ಮೊದಲು, ಆಮೇಲೆ ಪ್ರಶ್ನೋತ್ತರ. ಯಾಕಂದ್ರೆ ಜಾಹೀರಾತಿನ ಕೊನೆ ಅನ್ನೋ ಜಾಗವೇ ಸರಿ ಇಲ್ಲ. ಮೊಬೈಲಿನಲ್ಲಿ ವಿವರಣೆಯ ಮೊದಲ ಕೆಲವು ಸಾಲು ಮಾತ್ರ ಕಾಣ್ತವೆ, ಉಳಿದದ್ದು ಇನ್ನೊಂದು ಸಲ ಒತ್ತಿದರೆ ತೆರೆದುಕೊಳ್ಳುತ್ತೆ. ನಾವು ಕೊನೆಯಲ್ಲಿ ಬರೆದದ್ದನ್ನು ಬಹಳ ಜನ ನೋಡಿರೋದೇ ಇಲ್ಲ. ಓದಲಿಲ್ಲ ಅಂತ ಅವರ ಮೇಲೆ ರೇಗ್ತೀವಿ. ಈಗ ನಾನು ಮೊದಲನೇ ಸಾಲಿನಲ್ಲೇ 'ಲಿಫ್ಟ್, ಲೋನ್, ಆರ್‌ಸಿ ಬಗ್ಗೆ ಕೊನೆಯಲ್ಲಿ ಬರೆದಿದೆ' ಅಂತ ಹಾಕ್ತೀನಿ.

ಓದಲು ಬಾರದವರು, ಓದಲು ಮನಸ್ಸಿಲ್ಲದವರು ಇದ್ದೇ ಇರ್ತಾರೆ, ಅವರು ವಾಯ್ಸ್ ಮೆಸೇಜ್ ಕಳಿಸ್ತಾರೆ. ಅವರಿಗೆ ಅಣ್ಣ ಅದೇ ಏಳನ್ನು ಓದಿ ಒಂದು ವಾಯ್ಸ್ ಮಾಡಿಟ್ಟುಕೊಂಡ, ಅದನ್ನೇ ಫಾರ್ವರ್ಡ್ ಮಾಡ್ತಿದ್ದ. ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ಇನ್ನು 'ಲಾಸ್ಟ್ ಎಷ್ಟು'. ಮೊದಲ ಸಲ 'ಫಿಕ್ಸೆಡ್' ಅಂತ ಬರೆದಿದ್ದೆ, ಅದನ್ನು ಒಬ್ಬರೂ ನಂಬಲಿಲ್ಲ. ನಂಬಬೇಕಾಗಿಯೂ ಇರಲಿಲ್ಲ, ಹತ್ತು ಹದಿನೈದು ಸಾವಿರ ಬಿಡೋಕೆ ನಾವು ತಯಾರಿದ್ದೆವು. 'ಕೂತು ಮಾತಾಡೋಣ' ಅಂತ ಬದಲಾಯಿಸಿದ ಮೇಲೂ ಈ ಮೆಸೇಜುಗಳು ಕಮ್ಮಿ ಆಗಲಿಲ್ಲ. ಇಲ್ಲಿ ಪ್ರಶ್ನೋತ್ತರ ಸೋಲುತ್ತೆ ಅಂತ ಒಪ್ಪಿಕೊಳ್ಳೋದೇ ವಾಸಿ. ಬೇರೆ ಪ್ರಶ್ನೆಗಳಿಗೆಲ್ಲ ಎಲ್ಲರಿಗೂ ಒಂದೇ ಉತ್ತರ, ಬೆಲೆಗೆ ಮಾತ್ರ ಹಾಗಲ್ಲ. ಅದು ಯಾರು ಕೇಳ್ತಿದಾರೆ, ಯಾವಾಗ ಕೇಳ್ತಿದಾರೆ, ಕೈಯಲ್ಲಿ ದುಡ್ಡು ಇದೆಯಾ ಅನ್ನೋದರ ಮೇಲಿರುತ್ತೆ. ಕೇಳುವವನಿಗೂ ಅದು ಗೊತ್ತು, ಅದಕ್ಕೇ ಬರೆದ ಉತ್ತರ ಓದಿದ ಮೇಲೂ ಕೇಳ್ತಾನೆ. ಆ ಒಂದು ಸಾಲು ಉಳಿಸಿದ ಮೆಸೇಜು ಶೂನ್ಯ. ಆದರೂ ಇಟ್ಟುಕೊಂಡೆ, 'ಫಿಕ್ಸೆಡ್' ಅಂತ ನೋಡಿ ಹಾಗೇ ವಾಪಸ್ ಹೋಗೋರು ನಿಲ್ಲಲಿ ಅಂತ.

ನನ್ನ ಎರಡನೇ ಬರಹದಲ್ಲೂ ಎರಡು ಲೋಪ ಉಳಿದವು. ಒಂದು, ತಾರೀಕು ಹಾಕಿರಲಿಲ್ಲ. 'ಅರ್ಜಿ ಹಾಕಿದೀವಿ' ಅಂದರೆ ಯಾವಾಗ? ಕೆಲವು ವಾರದ ಮೇಲೆ ಆರ್‌ಸಿ ಅಣ್ಣನ ಹೆಸರಿಗೆ ಬಂತು, ಜಾಹೀರಾತಿನಲ್ಲಿ ಮಾತ್ರ ಅದು ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ನಾನು ಬದಲಾಯಿಸಲು ಮರೆತಿದ್ದೆ, ಅದನ್ನು ನೋಡಿ ಎಷ್ಟು ಜನ ಹಿಂದೆ ಸರಿದರೋ. ಎರಡನೇದು ಇನ್ನೂ ದೊಡ್ಡದು, ಮೋಸಗಾರರ ಬಗ್ಗೆ ಒಂದು ಸಾಲು ಇರಲಿಲ್ಲ. ಮಿಲಿಟರಿಯಲ್ಲಿದ್ದೀನಿ ಅಂತ ಹೇಳಿಕೊಂಡ ಒಬ್ಬ, ಗಾಡಿ ನೋಡೋದೇ ಬೇಡ, ಅಡ್ವಾನ್ಸ್ ಈಗಲೇ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಅಂತ ಅಣ್ಣನಿಗೆ ಹಿಂದಿಯಲ್ಲಿ ಫೋನ್ ಮಾಡಿದ್ದ. ದುಡ್ಡು ತಗೊಳ್ಳೋಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗೋದು ಮಾತ್ರ. ಅಣ್ಣನಿಗೆ ಹಿಂದಿ ಬರಲ್ಲ, ಹಾಗಾಗಿ ಬಚಾವಾದ. ಈಗ ಯಾರಾದರೂ ಬರೆದುಕೊಡು ಅಂದರೆ 'ಅಡ್ವಾನ್ಸ್ ಕಳಿಸಲಾ?' ಅಂತ ಒಂದು ಪ್ರಶ್ನೆ ಸೇರಿಸಿ, 'ಬೇಡ, ನೋಡಿದ ಮೇಲೆ ಕೈಯಲ್ಲೇ ಕೊಡಿ' ಅಂತ ಹಾಕ್ತೀನಿ. ಅದು ಕೊಳ್ಳೋರಿಗಿಂತ ಹೆಚ್ಚಾಗಿ ಮನೆಯವರಿಗೆ ಬರೆದ ಉತ್ತರ.

ಒಟ್ಟು ಮೆಸೇಜು ಕಮ್ಮಿ ಆದವಾ ಅಂತ ಕೇಳಿದರೆ, ಅಷ್ಟೇನಿಲ್ಲ. ಆದರೆ ಆಮೇಲೆ ಊರಿಗೆ ಬಂದವರು ಮೂರೇ ಜನ, ಮೂವರೂ ಲಿಫ್ಟ್ ವಿಷಯ ಗೊತ್ತಿದ್ದೇ ಬಂದವರು. ಅದರಲ್ಲಿ ಹೊನ್ನಾಳಿ ಕಡೆಯವರೊಬ್ಬರು ಗಾಡಿ ತಗೊಂಡರು. ಅವರು ಬೆಳಿಗ್ಗೆ ಏಳಕ್ಕೇ ಬಂದು, ಎಂಜಿನ್ ಮೇಲೆ ಕೈಯಿಟ್ಟು ತಣ್ಣಗಿದೆಯಾ ಅಂತ ನೋಡಿ, ಆಮೇಲೆ ಸ್ಟಾರ್ಟ್ ಮಾಡಿಸಿದರಂತೆ. ಎಲ್ಲ ಆದಮೇಲೆ ಒಂದೇ ಪ್ರಶ್ನೆ ಕೇಳಿದರು. 'ಗಾಡಿ ಯಾರು ಓಡಿಸ್ತಿದ್ರು? ಡ್ರೈವರ್ ಇಟ್ಟಿದ್ರಾ, ಬಾಡಿಗೆಗೆ ಬಿಡ್ತಿದ್ರಾ?'

ಅಪ್ಪ ಯಾರ ಕೈಗೂ ಕೊಡ್ತಿರಲಿಲ್ಲ ಅಂತ ಅಣ್ಣ ಹೇಳಿದ. ಹಬ್ಬದ ದಿನವೂ ತಾವೇ ತೊಳೆಯೋರು, ನಾನು ಮುಟ್ಟಿದರೂ ಬೈಯೋರು ಅಂತ. ನಾನು ಅಲ್ಲಿರಲಿಲ್ಲ, ಸಂಜೆ ಫೋನಿನಲ್ಲಿ ಕೇಳಿದ್ದು. ಆ ಪ್ರಶ್ನೆ ನನ್ನ ಶೀಟಿನಲ್ಲೂ ಇರಲಿಲ್ಲ, ಏಳರಲ್ಲೂ ಇರಲಿಲ್ಲ. ಎರಡು ಲಕ್ಷದ ನಲವತ್ತೆರಡು ಸಾವಿರಕ್ಕೆ ವ್ಯಾಪಾರ ಮುಗೀತು. ಲಿಫ್ಟಿನ ಲೆಕ್ಕದಲ್ಲಿ ಎಂಟು ಸಾವಿರ ಕಳೆದರು, ಉಳಿದ ಹತ್ತು ಮಾತಿನಲ್ಲಿ ಹೋಯ್ತು. ಫಾರಂ 29, 30ಕ್ಕೆ ಸಹಿ ಹಾಕಿದ ಫೋಟೋ ಅಣ್ಣ ಕಳಿಸಿದ ತಕ್ಷಣ ಜಾಹೀರಾತು ತೆಗೆದುಹಾಕಿದೆ.